ಎಲ್ಲರಿಗೂ ಆಗುವ ಹೊತ್ತು ಯಾವುದು?

11 ಜನ ಒಪ್ಪಿದ ಸಮಯ ಸೋತಿತು, 9 ಜನ ಒಪ್ಪಿದ್ದು ಗೆದ್ದಿತು. ಚುನಾವಣೆಯಲ್ಲಿ ಹೀಗಾಗಿದ್ದರೆ ಯಾರಾದರೂ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದರು. ಹತ್ತಾರು ಜನ ಸೇರುವ ಕೂಟಕ್ಕೆ ದಿನ ಗೊತ್ತುಮಾಡುವ ಪೋಲಿನಲ್ಲಿ ಮಾತ್ರ ಇದು ಸರಿಯಾದ ತೀರ್ಪೇ. ಹೇಗೆ ಎಂದು ತಿಳಿಯಬೇಕಾದರೆ ಪೋಲು ಹಾಕುವ ಮೊದಲಿನಿಂದ ಹಿಡಿದು ಕೊನೆಗೆ ಸಮಯ ಸಾರುವವರೆಗೆ ನಡುವೆ ಏನೇನು ನಡೆಯುತ್ತದೆ ಎಂಬುದನ್ನು ನೋಡಬೇಕು.

ವಿಷಯ ಸ್ಪಷ್ಟವಾಗಲೆಂದು ಒಂದು ಗುಂಪನ್ನು ಕಟ್ಟಿಕೊಳ್ಳೋಣ. ತಿಂಗಳಿಗೊಮ್ಮೆ ಆನ್‌ಲೈನಿನಲ್ಲಿ ಸೇರಿ ಒಂದು ದೊಡ್ಡ ಕನ್ನಡ ಕಾದಂಬರಿಯನ್ನು ಕಂತುಕಂತಾಗಿ ಓದುವ 14 ಜನರ ಬಳಗ. 8 ಜನ ಮೈಸೂರು, ಬೆಂಗಳೂರು, ಧಾರವಾಡದ ಕಡೆಯವರು. ಇಬ್ಬರು ನ್ಯೂಜೆರ್ಸಿಯಲ್ಲಿ, ಇಬ್ಬರು ಕ್ಯಾಲಿಫೋರ್ನಿಯಾದಲ್ಲಿ, ಇನ್ನಿಬ್ಬರು ಬ್ರಿಟನ್ನಿನಲ್ಲಿ. ಬ್ರಿಟನ್ನಿನಲ್ಲಿರುವ ಇಬ್ಬರಲ್ಲಿ ಒಬ್ಬರು ನಿವೃತ್ತ ಕನ್ನಡ ಅಧ್ಯಾಪಕಿ. ಮಗಳ ಬಾಣಂತನಕ್ಕೆಂದು ಲೀಡ್ಸ್‌ಗೆ ಹೋಗಿದ್ದಾರೆ. ಪ್ರತಿ ಕಂತಿನ ಚರ್ಚೆಯನ್ನು ನಡೆಸಿಕೊಡುವವರು ಅವರೇ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ. ದಿನ ಗೊತ್ತುಮಾಡುವ ಹೊಣೆ ಮೈಸೂರಿನ ಒಬ್ಬ ಬ್ಯಾಂಕ್ ನೌಕರನದು. ಮುಂದಿನ ಕೂಟ 2026ರ ಮಾರ್ಚ್‌ನಲ್ಲಿ ಆಗಬೇಕು. ಅವನು ಫೆಬ್ರವರಿ 22ರ ಭಾನುವಾರ ಪೋಲು ಹಾಕುತ್ತಾನೆ.

ಪೋಲಿಲ್ಲದೆ ಬರೀ ಮಾತಿನಲ್ಲಿ ಈ ಕೆಲಸ ಏಕೆ ಆಗುವುದಿಲ್ಲ ಎಂಬುದು ವಾಟ್ಸಾಪ್ ಗುಂಪಿನಲ್ಲಿರುವ ಯಾರಿಗೂ ಹೊಸದಲ್ಲ. "ಶನಿವಾರ ಆಗುತ್ತಾ?" ಎಂದು ಒಬ್ಬರು ಕೇಳುತ್ತಾರೆ, ಇಬ್ಬರು ಹೆಬ್ಬೆರಳು ಎತ್ತುತ್ತಾರೆ. ನಾಲ್ಕನೆಯವರು ಬಂದು ಭಾನುವಾರ ಮಾಡೋಣವೇ ಎಂದಾಗ, ಮೊದಲು ಎತ್ತಿದ ಹೆಬ್ಬೆರಳುಗಳಿಗೆ ಅರ್ಥವೇ ಉಳಿಯುವುದಿಲ್ಲ. ಪ್ರಶ್ನೆ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಬದಲಾದರೆ ಉತ್ತರಗಳನ್ನು ಕೂಡಿಸುವುದಾದರೂ ಹೇಗೆ? ಎಲ್ಲರ ಮುಂದೂ ಒಂದೇ ಪಟ್ಟಿ ಇಟ್ಟು, ಎಲ್ಲರಿಂದಲೂ ಅದೇ ಪ್ರಶ್ನೆಗೆ ಉತ್ತರ ಪಡೆಯುವುದಷ್ಟೇ ಪೋಲು ಮಾಡುವ ಕೆಲಸ. ತೀರ್ಮಾನ ಮಾಡುವುದು ಅದರ ಕೆಲಸವಲ್ಲ. ಇದನ್ನು ಮರೆತಲ್ಲೇ ಮುಕ್ಕಾಲು ಪಾಲು ತೊಡಕು ಹುಟ್ಟುವುದು.

ಇದಕ್ಕೆಂದೇ ಇರುವ ಸಲಕರಣೆಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಡೂಡಲ್. ಸ್ವಿಟ್ಜರ್‌ಲೆಂಡಿನ ಮೈಕಲ್ ನೇಫ್ ಎಂಬ ತಂತ್ರಜ್ಞ ಕಟ್ಟಿದ್ದು. 2007ರಲ್ಲಿ ಅದು ಕಂಪನಿಯ ರೂಪ ಪಡೆಯಿತು. ಮೇಲೆ ಸಾಲಾಗಿ ದಿನ ಮತ್ತು ಗಂಟೆಗಳು, ಎಡಗಡೆ ಹೆಸರುಗಳು, ನಡುವೆ ಗುರುತು ಹಾಕುವ ಮನೆಗಳು. ಫ್ರಾನ್ಸಿನ ಫ್ರಾಮಾಸಾಫ್ಟ್ ಎಂಬ ಸಂಸ್ಥೆಯ ಫ್ರಾಮಾಡೇಟ್ ಕೂಡ ಹೆಚ್ಚುಕಡಿಮೆ ಇದೇ ಬಗೆಯದು. ವೆನ್‌ಟುಮೀಟ್ ಎಂಬುದು ಸ್ವಲ್ಪ ಬೇರೆ. ಅಲ್ಲಿ ಸಿದ್ಧ ಸಮಯಗಳಿರುವುದಿಲ್ಲ. ಇಡೀ ವಾರದ ಗಂಟೆಗಳು ಚೌಕಳಿಯಾಗಿ ಕಾಣುತ್ತವೆ, ನಿಮಗೆ ಬಿಡುವಿರುವ ಮನೆಗಳ ಮೇಲೆ ಬೆರಳೆಳೆದು ಬಣ್ಣ ತುಂಬಬೇಕು. ಹೆಚ್ಚು ಜನರಿಗೆ ಬಿಡುವಿದ್ದಲ್ಲಿ ಬಣ್ಣ ಗಾಢವಾಗುತ್ತ ಹೋಗುತ್ತದೆ. ನಾಲ್ಕೈದು ಜನ ವಿದ್ಯಾರ್ಥಿಗಳಿಗೆ ಇದು ಚೆನ್ನ. ಎಪ್ಪತ್ತು ದಾಟಿದವರಿಗೆ ಸಣ್ಣ ಫೋನಿನ ಪರದೆಯ ಮೇಲೆ ಇದನ್ನು ಮಾಡಿ ಎಂದರೆ, ಅವರು "ನೀವೇ ಯಾವುದಾದರೂ ಹಾಕಿಬಿಡಿ" ಎಂದು ಕೈತೊಳೆದುಕೊಳ್ಳುವುದರಲ್ಲಿ ತಪ್ಪಿಲ್ಲ.

ನಮ್ಮಲ್ಲಿ ಮಾತ್ರ ಪೋಲು ಎಂದರೆ ಬಹುತೇಕ ವಾಟ್ಸಾಪ್ ಪೋಲೇ. 2022ರ ನವೆಂಬರ್‌ನಲ್ಲಿ ಬಂದ ಈ ಸೌಲಭ್ಯದಲ್ಲಿ 12 ಆಯ್ಕೆಗಳವರೆಗೆ ಕೊಡಬಹುದು. ಎಲ್ಲರ ಕೈಯಲ್ಲೂ ಈಗಾಗಲೇ ಇರುವ ಆ್ಯಪ್ ಎಂಬುದೇ ಅದರ ದೊಡ್ಡ ಬಲ. ಬಳಸುವಾಗ ಒಂದು ಗುಂಡಿಯ ಮೇಲೆ ಮಾತ್ರ ಕಣ್ಣಿಡಬೇಕು: Allow multiple answers. ಇದು ಆರಿದ್ದರೆ ಒಬ್ಬರು ಒಂದನ್ನಷ್ಟೇ ಆರಿಸಬಹುದು. ಮೇಲುನೋಟಕ್ಕೆ ಚಿಕ್ಕ ವ್ಯತ್ಯಾಸ, ಆದರೆ ಪ್ರಶ್ನೆಯೇ ಬೇರೆಯಾಗಿಬಿಡುತ್ತದೆ. ಒಂದೇ ಗುರುತು ಹಾಕಬೇಕೆಂದಾಗ ಜನ ತಮಗೆ ಅತಿ ಇಷ್ಟವಾದ ಹೊತ್ತನ್ನು ಹೇಳುತ್ತಾರೆ. ನಮಗೆ ಬೇಕಿರುವುದು ಅದಲ್ಲ, ಅವರು ಯಾವ ಯಾವ ಹೊತ್ತಿನಲ್ಲಿ ಬರಬಲ್ಲರು ಎಂಬುದು. ಶನಿವಾರ ಇಷ್ಟವೆಂದ ಐವರು ಭಾನುವಾರವೂ ಬರಬಲ್ಲರೇ ಎಂಬ ಮಾಹಿತಿ ಆ ಪೋಲಿನಲ್ಲಿ ಎಲ್ಲೂ ದಾಖಲಾಗುವುದಿಲ್ಲ. ಮತಗಳು 5, 4, 5 ಎಂದು ಹಂಚಿಹೋಗಿ, ಎಲ್ಲರಿಗೂ ಆಗುವ ಹೊತ್ತೊಂದು ಇದ್ದೂ ಕಾಣದೆ ಹೋಗುತ್ತದೆ.

ಡೂಡಲ್‌ನಂಥವುಗಳಲ್ಲಿ ಇನ್ನೊಂದು ಅನುಕೂಲವಿದೆ. ಆಗುತ್ತದೆ, ಆಗುವುದಿಲ್ಲ ಎಂಬ ಎರಡರ ನಡುವೆ "ಅನಿವಾರ್ಯವಾದರೆ ಬರುತ್ತೇನೆ" ಎನ್ನುವ ಮೂರನೆಯ ಗುರುತು. ಇದನ್ನು ಲಘುವಾಗಿ ಕಾಣಬಾರದು. ಈ ಗುರುತು ಇಲ್ಲದಿದ್ದರೆ, ಬೆಳಗಿನ 7 ಗಂಟೆಗೆ ಕಷ್ಟಪಟ್ಟು ಏಳಬಲ್ಲವರು ಅರ್ಧದಷ್ಟು ಜನ ಹೌದೆನ್ನುತ್ತಾರೆ, ಅರ್ಧದಷ್ಟು ಜನ ಇಲ್ಲವೆನ್ನುತ್ತಾರೆ. ಒಂದೇ ಸ್ಥಿತಿಯಲ್ಲಿರುವವರು ಎರಡು ಬೇರೆ ಕಾಲಮ್ಮುಗಳಲ್ಲಿ ಕೂತಿರುತ್ತಾರೆ. ಆ ಲೆಕ್ಕವನ್ನು ನಂಬಿ ಏನು ಮಾಡುವುದು?

ಮೈಸೂರಿನ ನಮ್ಮ ಗೆಳೆಯ ಮೂರನೆಯ ಗುರುತಿರುವ ಪೋಲನ್ನೇ ಬಳಸಿದ. ಕೊಂಡಿಯನ್ನು ವಾಟ್ಸಾಪ್ ಗುಂಪಿಗೆ ಹಾಕಿದ. ಕೊಟ್ಟ ಆಯ್ಕೆಗಳು ಐದು, ಎಲ್ಲವೂ ಭಾರತದ ಸಮಯ: ಮಾರ್ಚ್ 14ರ ಶನಿವಾರ ಸಂಜೆ 7:30, ಅದೇ ದಿನ ರಾತ್ರಿ 8:30, ಮಾರ್ಚ್ 15ರ ಭಾನುವಾರ ಬೆಳಿಗ್ಗೆ 7:30, ಅದೇ ಭಾನುವಾರ ರಾತ್ರಿ 8:30, ಮತ್ತು ಮಾರ್ಚ್ 21ರ ಶನಿವಾರ ರಾತ್ರಿ 8:30. ಪ್ರತಿಯೊಂದೂ ಒಂದೂವರೆ ಗಂಟೆ ಎಂದು ಸ್ಪಷ್ಟವಾಗಿ ಬರೆದ. ಎಷ್ಟು ಹೊತ್ತು ಎಂಬುದನ್ನು ಬಹಳ ಜನ ಬರೆಯುವುದೇ ಇಲ್ಲ. ಬರೆಯದಿದ್ದರೆ 9 ಗಂಟೆಗೆ ಎದ್ದುಹೋಗಲೇಬೇಕಾದವರೂ 8:30ಕ್ಕೆ ಹೌದೆಂದು ಗುರುತು ಹಾಕುತ್ತಾರೆ, ಅರ್ಧ ಚರ್ಚೆಗೆ ಮಾಯವಾಗುತ್ತಾರೆ. ಪೋಲು ಫೆಬ್ರವರಿ 26ರ ಗುರುವಾರ ರಾತ್ರಿ 10ಕ್ಕೆ ಮುಗಿಯುತ್ತದೆ, 27ರ ಬೆಳಿಗ್ಗೆ ಸಮಯ ತಿಳಿಸುತ್ತೇನೆ ಎಂದೂ ಹೇಳಿದ.

ಐದೇ ಆಯ್ಕೆ ಸಾಕೇ, ಹೆಚ್ಚು ಕೊಟ್ಟಷ್ಟೂ ಒಳ್ಳೆಯದಲ್ಲವೇ ಎನಿಸಬಹುದು. ಅಲ್ಲ. ಪೋಲಿನಲ್ಲಿ ಹಾಕಿದ ಪ್ರತಿ ಗುರುತೂ ಒಂದು ಸಣ್ಣ ಮಾತುಕೊಟ್ಟಂತೆ. ಆ ಹೊತ್ತನ್ನು ಗುಂಪಿಗೆಂದು ಹಿಡಿದಿಟ್ಟುಕೊಂಡಿದ್ದೇನೆ, ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಅದರ ಅರ್ಥ. 15 ಆಯ್ಕೆ ಕೊಟ್ಟು ಹತ್ತು ದಿನ ತೆರೆದಿಟ್ಟರೆ, 14 ಜನರ ಎರಡು ವಾರಾಂತ್ಯಗಳನ್ನು ಹತ್ತು ದಿನ ಕಟ್ಟಿಹಾಕಿದಂತಾಯಿತು. ಯಾರೂ ಅಷ್ಟು ದಿನ ಕಟ್ಟಿಸಿಕೊಂಡು ಕೂರುವುದಿಲ್ಲ. ಸೋಮವಾರ ಹೌದೆಂದವರ ಶನಿವಾರಕ್ಕೆ ಗುರುವಾರದ ಹೊತ್ತಿಗೆ ಒಂದು ಗೃಹಪ್ರವೇಶ ಬಂದಿರುತ್ತದೆ. ಅವರು ಪೋಲಿಗೆ ಹಿಂತಿರುಗಿ ಗುರುತು ಅಳಿಸುವುದಿಲ್ಲ. ಪಟ್ಟಿ ನೋಡಲು ತುಂಬಿದೆ, ಒಳಗೆ ಹಳಸಿದೆ. ಆದ್ದರಿಂದ ನಾಲ್ಕರಿಂದ ಆರು ಆಯ್ಕೆ, ನಾಲ್ಕು ದಿನದ ಗಡುವು. ಹದಿನೈದು ಜನರ ಒಳಗಿನ ಗುಂಪಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದು ಕಡಿಮೆ.

ಗುರುವಾರ ಮಧ್ಯಾಹ್ನದ ಹೊತ್ತಿಗೆ 10 ಜನ ಗುರುತು ಹಾಕಿದ್ದರು. ಇದು ಎಲ್ಲ ಗುಂಪುಗಳ ಕಥೆ. ಉಳಿದ ನಾಲ್ವರಿಗಾಗಿ ಗುಂಪಿನಲ್ಲಿ "ದಯವಿಟ್ಟು ಎಲ್ಲರೂ ಪೋಲ್ ಮಾಡಿ" ಎಂದು ಇನ್ನೊಮ್ಮೆ ಕೂಗಿದರೆ ಅದನ್ನು ಓದುವವರು ಈಗಾಗಲೇ ಮಾಡಿದ ಹತ್ತು ಜನ. ಎಲ್ಲರಿಗೂ ಹೇಳಿದ ಮಾತು ಯಾರಿಗೂ ಹೇಳಿದಂತಾಗುವುದಿಲ್ಲ. ಅವನು ನಾಲ್ವರಿಗೂ ಒಬ್ಬೊಬ್ಬರಿಗೇ ಬೇರೆಯಾಗಿ ಸಂದೇಶ ಕಳಿಸಿದ. ಮೂವರು ಅರ್ಧ ಗಂಟೆಯೊಳಗೆ ಗುರುತು ಹಾಕಿದರು. ನಾಲ್ಕನೆಯವರು ಧಾರವಾಡದ ಹಿರಿಯರು, ಕೊಂಡಿ ತೆರೆಯಲು ಬರದೆ ಸುಮ್ಮನಿದ್ದರು. ಅವರಿಗೆ ಫೋನು ಮಾಡಿ, ಕೇಳಿಕೊಂಡು, ಅವರ ಹೆಸರಿನಲ್ಲಿ ತಾನೇ ಗುರುತು ಹಾಕಿದ. ಸಲಕರಣೆ ಬಳಸಲು ಬಾರದವರನ್ನು ಬಿಡುವಿಲ್ಲದವರೆಂದು ಲೆಕ್ಕ ಹಾಕುವುದು ಇಂಥ ಪೋಲುಗಳಲ್ಲಿ ಆಗಾಗ ಆಗುವ ಅನ್ಯಾಯ. ಅಂದಹಾಗೆ, ವಾಟ್ಸಾಪ್ ಪೋಲಿನಲ್ಲಿ ಯಾರು ಗುರುತು ಹಾಕಿದ್ದಾರೆ ಎಂಬ ಪಟ್ಟಿ ಸಿಗುತ್ತದೆ. ಹಾಕದವರು ಯಾರೆಂದು ತಿಳಿಯಬೇಕಾದರೆ ಸದಸ್ಯರ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಕೈಯಿಂದಲೇ ತಾಳೆ ನೋಡಬೇಕು.

ಗುರುವಾರ ರಾತ್ರಿ ಲೆಕ್ಕ ಹೀಗಿತ್ತು. ಮಾರ್ಚ್ 21 ಮೊದಲೇ ಬಿದ್ದುಹೋಯಿತು. ಹೌದೆಂದವರು 6 ಜನ ಮಾತ್ರ. 19ರ ಗುರುವಾರ ಯುಗಾದಿ, ಶುಕ್ರವಾರ ಒಂದು ರಜೆ ಹಾಕಿದರೆ ನಾಲ್ಕು ದಿನ ಸಿಗುತ್ತದೆ, ಕರ್ನಾಟಕದವರಲ್ಲಿ ಹೆಚ್ಚಿನವರು ಊರಿಗೆ ಹೊರಟಿದ್ದರು. ಪೋಲು ಹಾಕುವ ಮುನ್ನ ಪಂಚಾಂಗದ ಕಡೆಗೂ ಒಮ್ಮೆ ಕಣ್ಣು ಹಾಯಿಸಿದ್ದರೆ ಆ ಸಾಲೇ ಬೇಕಿರಲಿಲ್ಲ. ಭಾನುವಾರ ರಾತ್ರಿಗೆ 7 ಜನ ಹೌದೆಂದಿದ್ದರು. ಮರುದಿನ ಸೋಮವಾರ ಎಂಬ ಭಯ ಭಾರತದವರಿಗೆ. ಶನಿವಾರ ಸಂಜೆ 7:30ಕ್ಕೆ 8 ಹೌದು, 3 ಅನಿವಾರ್ಯವಾದರೆ, 3 ಇಲ್ಲ. ಶನಿವಾರ ರಾತ್ರಿ 8:30ಕ್ಕೆ 9 ಹೌದು, 3 ಅನಿವಾರ್ಯವಾದರೆ, 2 ಇಲ್ಲ. ಎಲ್ಲಕ್ಕಿಂತ ಮೇಲೆ ನಿಂತದ್ದು ಭಾನುವಾರ ಬೆಳಿಗ್ಗೆ 7:30. ಅದಕ್ಕೆ 11 ಹೌದು, 1 ಅನಿವಾರ್ಯವಾದರೆ, 2 ಇಲ್ಲ.

ಭಾನುವಾರ ಬೆಳಿಗ್ಗೆ ಗೆದ್ದದ್ದು ಸಹಜವೇ. ಕರ್ನಾಟಕದವರಿಗೆ ಕಾಫಿಯ ಹೊತ್ತು. ಅಮೆರಿಕದಲ್ಲಿ ಆಗಿನ್ನೂ ಶನಿವಾರ. ಕ್ಯಾಲಿಫೋರ್ನಿಯಾದಲ್ಲಿ ಸಂಜೆ 7, ನ್ಯೂಜೆರ್ಸಿಯಲ್ಲಿ ರಾತ್ರಿ 10. ಇಲ್ಲವೆಂದ ಇಬ್ಬರು ಯಾರು? ಬ್ರಿಟನ್ನಿನವರು. ಅಲ್ಲಿ ಆ ಹೊತ್ತು ಭಾನುವಾರ ನಸುಕಿನ 2 ಗಂಟೆ. ಆ ಇಬ್ಬರಲ್ಲಿ ಒಬ್ಬರು ಮೇಡಂ. ಚರ್ಚೆ ನಡೆಸಿಕೊಡುವವರೇ ಇಲ್ಲದ ಕೂಟಕ್ಕೆ 12 ಜನ ಬಂದು ಏನು ಮಾಡುತ್ತಾರೆ? ಶನಿವಾರ ರಾತ್ರಿ 8:30ಕ್ಕೆ ಬ್ರಿಟನ್ನಿನಲ್ಲಿ ಮಧ್ಯಾಹ್ನ 3 ಗಂಟೆ. ಮೇಡಂ ಹೌದೆಂದಿದ್ದಾರೆ. ಅಲ್ಲೂ ಬರಬಲ್ಲವರನ್ನು ಕೂಡಿಸಿದರೆ 12 ಜನವೇ ಆಗುತ್ತಾರೆ. ಇಲ್ಲವೆಂದವರು ರಾತ್ರಿ ಪಾಳಿ ಇರುವ ಬೆಂಗಳೂರಿನ ವೈದ್ಯರೊಬ್ಬರು ಮತ್ತು ಶನಿವಾರ ಬೆಳಿಗ್ಗೆ ಮಗುವನ್ನು ಈಜಿಗೆ ಕರೆದೊಯ್ಯಬೇಕಾದ ಕ್ಯಾಲಿಫೋರ್ನಿಯಾದವರು. ಇಬ್ಬರೂ ಬಾರದಿದ್ದರೆ ಬೇಸರ, ಆದರೆ ಕೂಟ ನಡೆಯುತ್ತದೆ. ಹೀಗೆ 9 ಗೆದ್ದು 11 ಸೋತಿತು.

ಪಟ್ಟಿ ಓದುವಾಗ ಅನುಸರಿಸಿದ ಕ್ರಮವನ್ನು ಗಮನಿಸಿ. ಮೊದಲು ಯಾರಿಲ್ಲದೆ ಕೂಟ ನಡೆಯುವುದಿಲ್ಲವೋ ಅವರು ಇಲ್ಲವೆಂದ ಸಾಲುಗಳನ್ನು ಹೊಡೆದುಹಾಕಬೇಕು. ಉಳಿದವುಗಳಲ್ಲಿ ಇಲ್ಲವೆಂದವರ ಸಂಖ್ಯೆ ಯಾವುದರಲ್ಲಿ ಕಡಿಮೆಯೋ ಅದನ್ನು ಹಿಡಿಯಬೇಕು. ಅಲ್ಲೂ ಸಮವಾದರೆ ಮಾತ್ರ ಹೌದು ಎಷ್ಟು, ಅನಿವಾರ್ಯವಾದರೆ ಎಷ್ಟು ಎಂದು ತೂಗಬೇಕು. ಹೆಚ್ಚಿನ ಸಂಘಟಕರು ತಿರುವುಮುರುವಾಗಿ, ಹೌದುಗಳ ಎಣಿಕೆಯಿಂದ ಶುರುಮಾಡುತ್ತಾರೆ. ಸಲಕರಣೆಗಳೂ ಅದಕ್ಕೇ ಕುಮ್ಮಕ್ಕು ಕೊಡುತ್ತವೆ. ಅತಿ ಹೆಚ್ಚು ಗುರುತು ಬಿದ್ದ ಕಾಲಮ್ಮನ್ನು ಅವು ಎದ್ದು ಕಾಣುವಂತೆ ತೋರಿಸುತ್ತವೆ. ಮೇಡಂ ಯಾರು ಎಂಬುದು ಸಾಫ್ಟ್‌ವೇರಿಗೆ ಏನು ಗೊತ್ತು?

ನನ್ನ ಮಟ್ಟಿಗೆ ನಿಜವಾದ ತಪ್ಪು ಆದದ್ದು ಎಣಿಕೆಯಲ್ಲಲ್ಲ, ಅದಕ್ಕೂ ಮೊದಲು. ಭಾನುವಾರ ಬೆಳಿಗ್ಗೆ 7:30 ಎಂಬ ಆಯ್ಕೆ ಪೋಲಿನಲ್ಲಿ ಇರಲೇಬಾರದಿತ್ತು. ಮೇಡಂಗೆ ಅದು ನಸುಕಿನ 2 ಗಂಟೆ ಎಂಬುದು ಪೋಲು ಹಾಕುವ ಮೊದಲೇ ತಿಳಿಯಬಹುದಾದ ಸಂಗತಿ. "ಇರಲಿ, ಒಂದು ಹಾಕಿ ನೋಡೋಣ" ಎಂದು ಹಾಕಿದ. ಆ ಸಾಲಿಗೆ 11 ಜನ ಹೌದೆಂದು ಗುರುತು ಹಾಕಿದ ಮೇಲೆ ಅದನ್ನು ತಳ್ಳಿಹಾಕಿದರೆ ಅವರಿಗೆ ಅನಿಸುವುದೇನು? ಮತ್ತೇಕೆ ಕೇಳಿದಿರಿ ಎಂದು. ಆಯ್ಕೆಯಾಗಿ ಬಂದರೂ ತಾನು ಆರಿಸಲಾರದ ಹೊತ್ತನ್ನು ಸಂಘಟಕ ಪೋಲಿನಲ್ಲಿ ಇಡಬಾರದು. ಸರಿಯಾದ ದಾರಿಯೆಂದರೆ, ಮೊದಲು ಮೇಡಂ ಒಬ್ಬರಿಗೇ ಫೋನು ಮಾಡಿ ಅವರಿಗೆ ಆಗುವ ಆರೇಳು ಹೊತ್ತುಗಳನ್ನು ಪಡೆಯುವುದು. ಅದರಲ್ಲಿ ಹಬ್ಬ, ಪರೀಕ್ಷೆ, ಯಾರದೋ ನಡುರಾತ್ರಿ ಇವನ್ನೆಲ್ಲ ಕಳೆದು ಉಳಿದ ನಾಲ್ಕೈದನ್ನು ಮಾತ್ರ ಎಲ್ಲರ ಮುಂದಿಡುವುದು. ಆಗ ಪೋಲಿನಲ್ಲಿ ಯಾವುದು ಗೆದ್ದರೂ ಅದನ್ನೇ ಸಾರಬಹುದು, ಯಾರಿಗೂ ಸಮಜಾಯಿಷಿ ಹೇಳಬೇಕಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಹೌದೆಂಬ ಗುರುತುಗಳೆಲ್ಲ ನಿಜವಾಗಿ ಹೌದೇ? ಜೇಮ್ಸ್ ಝೌ, ರೆಶೆಫ್ ಮೈರ್, ಡೇವಿಡ್ ಪಾರ್ಕ್ಸ್ ಎಂಬ ಮೂವರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 3 ಲಕ್ಷ 40 ಸಾವಿರಕ್ಕೂ ಹೆಚ್ಚು ಡೂಡಲ್ ಪೋಲುಗಳನ್ನು ಜಾಲಾಡಿತು. ಪೋಲು ಎರಡು ಬಗೆ: ಮೊದಲು ಬಂದವರ ಗುರುತುಗಳು ಆಮೇಲಿನವರಿಗೆ ಕಾಣುವಂಥದ್ದು, ಕಾಣದಂಥದ್ದು. ಕಾಣುವ ಪೋಲುಗಳಲ್ಲಿ ಜನ ಹೆಚ್ಚು ಗುರುತು ಹಾಕುತ್ತಾರೆ. ಆದರೆ ಆ ಹೆಚ್ಚುವರಿ ಗುರುತುಗಳು ಎಲ್ಲ ಹೊತ್ತುಗಳಿಗೂ ಸಮವಾಗಿ ಬೀಳುವುದಿಲ್ಲ. ಅತಿ ಜನಪ್ರಿಯವಾದವಕ್ಕೆ ಮತ್ತು ಯಾರಿಗೂ ಬೇಡವಾದವಕ್ಕೆ ಬೀಳುತ್ತವೆ. ಜನಪ್ರಿಯವಾದುದಕ್ಕೆ ಏಕೆ ಎಂಬುದು ಸುಲಭ, ಹೇಗೂ ಅದೇ ಆಗುತ್ತದೆ ಎಂದು ಹೊಂದಿಕೊಳ್ಳುತ್ತಾರೆ. ಬೇಡವಾದುದಕ್ಕೆ ಏಕೆ? ಅದು ಹೇಗೂ ಗೆಲ್ಲುವುದಿಲ್ಲವೆಂದು ಗೊತ್ತು. ಅಲ್ಲೊಂದು ಗುರುತು ಹಾಕಿದರೆ ಖರ್ಚಿಲ್ಲದೆ ಸಹಕಾರಿ ಎನಿಸಿಕೊಳ್ಳಬಹುದು. ನಾವು ದಾಕ್ಷಿಣ್ಯಕ್ಕೆ "ಬರ್ತೀನಿ, ಬರ್ತೀನಿ" ಎನ್ನುವ ಹಾಗೆಯೇ ಇದು.

ಅದಕ್ಕೆ ಎರಡು ವರ್ಷ ಮೊದಲು, 2013ರಲ್ಲಿ, 211 ದೇಶಗಳ 15 ಲಕ್ಷಕ್ಕೂ ಹೆಚ್ಚು ಡೂಡಲ್ ಪೋಲುಗಳನ್ನು ನೋಡಿದ ಇನ್ನೊಂದು ಅಧ್ಯಯನ ಬಂದಿತ್ತು. ಗುಂಪಿನ ಹಿತಕ್ಕೆ ಹೆಚ್ಚು ಬೆಲೆ ಕೊಡುವ ಸಮಾಜಗಳಲ್ಲಿ ಜನ ಬೇಗ ಉತ್ತರಿಸುತ್ತಾರೆ, ಕಡಿಮೆ ಹೊತ್ತುಗಳಿಗೆ ಒಪ್ಪುತ್ತಾರೆ, ಆದರೂ ಒಮ್ಮತಕ್ಕೆ ಹೆಚ್ಚು ಬರುತ್ತಾರೆ ಎಂಬುದು ಅದರ ಒಂದು ಫಲಿತಾಂಶ. ಕಡಿಮೆ ಒಪ್ಪಿ ಹೆಚ್ಚು ಒಮ್ಮತಕ್ಕೆ ಬರುವುದೆಂದರೆ, ಬೇರೆಯವರು ಹಾಕಿದ್ದನ್ನು ನೋಡಿಯೇ ತಾವೂ ಹಾಕುತ್ತಿರಬೇಕು ಎಂದು ನನ್ನ ಊಹೆ. ವಾಟ್ಸಾಪ್ ಪೋಲಿನಲ್ಲಿ ಎಲ್ಲರ ಗುರುತೂ ಎಲ್ಲರಿಗೂ ಕಾಣುತ್ತದೆ ಎಂಬುದನ್ನು ಇದರ ಜೊತೆಗಿಟ್ಟು ಯೋಚಿಸಿ. ಗುಂಪಿನ ಹಿರಿಯರೊಬ್ಬರು ಮೊದಲ ಗುರುತು ಹಾಕಿದರೆಂದರೆ, ಆಮೇಲಿನವರಲ್ಲಿ ಅನೇಕರು ಪೋಲನ್ನು ಓದುವುದೇ ಇಲ್ಲ, ಹಿರಿಯರ ಸಾಲಿಗೆ ಕೈ ಎತ್ತುತ್ತಾರೆ. ಮುಚ್ಚಿದ ಪೋಲಿಗೆ ಅವಕಾಶವಿರುವ ಕಡೆ ಅದನ್ನು ಬಳಸುವುದು ಒಳ್ಳೆಯದು. ಅಂಥ ಅವಕಾಶ ಇಲ್ಲದಿದ್ದರೆ ಹಿರಿಯರನ್ನೂ ಸಂಘಟಕರನ್ನೂ ಕೊನೆಯಲ್ಲಿ ಗುರುತು ಹಾಕಲು ಕೇಳಿಕೊಳ್ಳಬಹುದು.

ಇನ್ನು ಸಮಯ ಸಾರುವ ಘಟ್ಟ. ಮೈಸೂರಿನ ಗೆಳೆಯ ಶುಕ್ರವಾರ ಬೆಳಿಗ್ಗೆ ಫೋನಿನ ಗಡಿಯಾರ ತೆರೆದು ನೋಡಿದರೆ, ನ್ಯೂಜೆರ್ಸಿ ಭಾರತಕ್ಕಿಂತ ಹತ್ತೂವರೆ ಗಂಟೆ ಹಿಂದಿದೆ. ಅದನ್ನೇ ನಂಬಿ ಲೆಕ್ಕ ಹಾಕಿದರೆ ಭಾರತದ ರಾತ್ರಿ 8:30 ಅಂದರೆ ಅಲ್ಲಿ ಬೆಳಿಗ್ಗೆ 10. ಹಾಗೆಂದು ಸಾರಿದರೆ ನ್ಯೂಜೆರ್ಸಿಯ ಇಬ್ಬರು ಒಂದು ಗಂಟೆ ಮೊದಲೇ ಬಂದು ಖಾಲಿ ಪರದೆ ನೋಡುತ್ತ ಕೂರುತ್ತಾರೆ. ಏಕೆಂದರೆ ಫೋನು ತೋರಿಸಿದ್ದು ಫೆಬ್ರವರಿಯ ಅಂತರ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. 2026ರಲ್ಲಿ ಅದು ಮಾರ್ಚ್ 8. ಕೂಟದ ದಿನ, ಅಂದರೆ 14ರಂದು, ಅಂತರ ಒಂಬತ್ತೂವರೆ ಗಂಟೆ, ಅಲ್ಲಿ ಹೊತ್ತು ಬೆಳಿಗ್ಗೆ 11. ಬ್ರಿಟನ್ನಿನವರು ತಿರುಗಿಸುವುದು ಮಾರ್ಚ್‌ನ ಕೊನೆಯ ಭಾನುವಾರ, ಈ ಸಲ 29ಕ್ಕೆ. ಹಾಗಾಗಿ 8ರಿಂದ 29ರವರೆಗಿನ ಮೂರು ವಾರ ಅಮೆರಿಕದ ಗಡಿಯಾರ ಮುಂದೆ ಹೋಗಿರುತ್ತದೆ, ಬ್ರಿಟನ್ನಿನದು ಹೋಗಿರುವುದಿಲ್ಲ. ಭಾರತ ಎಂದೂ ತಿರುಗಿಸುವುದಿಲ್ಲವಾದ್ದರಿಂದ ಇಲ್ಲಿ ಕೂತ ಸಂಘಟಕನಿಗೆ ಈ ಸಂಗತಿ ಹೊಳೆಯುವುದೇ ಕಷ್ಟ.

ಡೂಡಲ್‌ನಂಥ ಸಲಕರಣೆಗಳಲ್ಲಿ ಸಮಯವಲಯದ ಆಯ್ಕೆ ಚಾಲೂ ಮಾಡಿದ್ದರೆ ಪ್ರತಿಯೊಬ್ಬರಿಗೂ ಆ ದಿನದ ಸರಿಯಾದ ಸ್ಥಳೀಯ ಗಂಟೆಯೇ ಕಾಣುತ್ತದೆ. ವಾಟ್ಸಾಪ್ ಪೋಲಿನಲ್ಲಿ ಆಯ್ಕೆ ಎಂದರೆ ನಾವು ಟೈಪು ಮಾಡಿದ ಬರಹವಷ್ಟೇ, ಅದಕ್ಕೆ ಗಡಿಯಾರದ ಜ್ಞಾನವಿಲ್ಲ. ಎಲ್ಲಿ ಪೋಲು ಹಾಕಿದ್ದರೂ ಕೊನೆಯ ಸಾರಿಕೆಯನ್ನು ಮನುಷ್ಯರೇ ಬರೆಯಬೇಕಲ್ಲ, ತಪ್ಪು ನುಸುಳುವುದು ಅಲ್ಲಿಯೇ. ಇಂಗ್ಲಿಷಿನ ಮೂರಕ್ಷರದ ಗುರುತುಗಳನ್ನು ನಂಬಬೇಡಿ. IST ಎಂದರೆ ನಮಗೆ ಭಾರತದ ಸಮಯ, ಐರ್ಲೆಂಡಿನವರಿಗೆ ಅವರದು, ಇಸ್ರೇಲಿನವರಿಗೆ ಅವರದು. EST ಎಂದು ಬರೆದರೆ ಅದು ನ್ಯೂಜೆರ್ಸಿಯ ಚಳಿಗಾಲದ ಗಂಟೆ. ಮಾರ್ಚ್ 14ಕ್ಕೆ ಅಲ್ಲಿ ನಡೆಯುತ್ತಿರುವುದು EDT. ಊರಿನ ಹೆಸರು ಬರೆದು ಅಲ್ಲಿನ ಗಂಟೆ ಬರೆದರೆ ಯಾರಿಗೂ ಗೊಂದಲವಿಲ್ಲ. ಅವನು ಗುಂಪಿಗೆ ಕಳಿಸಿದ್ದು ಇಷ್ಟು:

"ಮಾರ್ಚ್ 14, ಶನಿವಾರ ಸೇರುತ್ತಿದ್ದೇವೆ. ಇದೇ ಅಂತಿಮ. ಭಾರತದಲ್ಲಿ ರಾತ್ರಿ 8:30ರಿಂದ 10. ಬ್ರಿಟನ್ನಿನಲ್ಲಿ ಮಧ್ಯಾಹ್ನ 3. ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 11. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 8. ಅಮೆರಿಕದವರಿಗೆ: ಇದು 8ನೇ ತಾರೀಖು ಗಡಿಯಾರ ತಿರುಗಿಸಿದ ಮೇಲಿನ ಗಂಟೆ. ಭಾನುವಾರ ಬೆಳಿಗ್ಗೆಗೆ ಹೆಚ್ಚು ಜನ ಒಪ್ಪಿದ್ದರು, ಆದರೆ ಮೇಡಂ ಇರುವಲ್ಲಿ ಆಗ ನಸುಕಿನ 2 ಗಂಟೆ. 15 ಮತ್ತು 21ಕ್ಕೆಂದು ಬಿಡುವು ಇಟ್ಟುಕೊಂಡವರು ಈಗ ಬಿಟ್ಟುಕೊಡಬಹುದು. ಕೊಂಡಿ ಕೆಳಗಿದೆ, ಕೂಟದ ದಿನವೂ ಇದೇ ಕೊಂಡಿ."

ಇದರಲ್ಲಿ ಸುಲಭವಾಗಿ ಬಿಟ್ಟುಹೋಗುವ ಸಾಲು ಕೊನೆಗೆ ಮೊದಲಿನದು. ಗೆದ್ದ ಸಮಯವನ್ನು ಎಲ್ಲರೂ ಸಾರುತ್ತಾರೆ, ಸೋತ ಸಮಯಗಳನ್ನು ಬಿಡುಗಡೆ ಮಾಡುವವರು ಕಡಿಮೆ. 15ರ ಬೆಳಿಗ್ಗೆಯನ್ನು ಹಿಡಿದಿಟ್ಟುಕೊಂಡವರು 11 ಜನ. ಅವರಿಗೆ ನೇರವಾಗಿ ಹೇಳದಿದ್ದರೆ, ಎರಡೂ ದಿನ ಇದೆಯೇನೋ ಎಂದುಕೊಳ್ಳುವ ಒಬ್ಬರಾದರೂ ಇದ್ದೇ ಇರುತ್ತಾರೆ. ಕಾರಣ ಹೇಳುವ ಸಾಲೂ ಬೇಕು, ಆದರೆ ಒಂದೇ ಸಾಲು. ಉದ್ದ ವಿವರಣೆ ಕೊಟ್ಟರೆ ಅದೇ ಹೊಸ ಚರ್ಚೆಗೆ ಆಹ್ವಾನ. "ಇದೇ ಅಂತಿಮ" ಎಂಬ ಮಾತು ಕೂಡ ಸುಮ್ಮನೆ ಇಟ್ಟದ್ದಲ್ಲ. ಅದಿಲ್ಲದಿದ್ದರೆ ಮುಂದಿನ ಸಂದೇಶ "7:30 ಮಾಡೋಕಾಗಲ್ವಾ?" ಎಂದಿರುತ್ತದೆ.

ಸಂದೇಶ ಕಳಿಸಿದ ಮೇಲೆ ಅದನ್ನು ಗುಂಪಿನ ತುದಿಗೆ ಪಿನ್ ಮಾಡಿದ. ವಾಟ್ಸಾಪ್‌ನಲ್ಲಿ 30 ದಿನದವರೆಗೆ ಹಾಗೆ ನಿಲ್ಲಿಸಬಹುದು. ಕ್ಯಾಲೆಂಡರ್ ಆಹ್ವಾನವನ್ನೂ ಕಳಿಸಿದ. ಅದು ಪ್ರತಿಯೊಬ್ಬರ ಫೋನಿನಲ್ಲಿ ಅವರವರ ಗಂಟೆಗೆ ಕೂರುತ್ತದೆ, ಬರೆದದ್ದರಲ್ಲಿ ತಪ್ಪಿದ್ದರೂ ಅಲ್ಲಿ ಸಿಕ್ಕಿಬೀಳುತ್ತದೆ. ಬರಲಾಗದ ಇಬ್ಬರಿಗೆ, ಸಾರುವುದಕ್ಕೆ ಮೊದಲೇ ಬೇರೆಯಾಗಿ ಹೇಳಿದ. ವೈದ್ಯರು ಪಾಳಿ ಬದಲಿಸಿಕೊಳ್ಳಲು ನೋಡುತ್ತೇನೆ ಎಂದರು. ಇಂಥದ್ದು ಸಾಧ್ಯವಾಗುವುದು ಎರಡು ವಾರ ಮೊದಲೇ ತಿಳಿದಾಗ ಮಾತ್ರ.

ಸಾರಿದ ಮೇಲೆ ಬದಲಿಸಬಹುದೇ? ಮೇಡಂಗೇ ಬರಲಾಗದಿದ್ದರೆ ಬದಲಿಸಲೇಬೇಕು. ಆಗಲೂ ಹೊಸ ಪೋಲು ಬೇಡ, ಎರಡನೆಯ ಸ್ಥಾನದಲ್ಲಿದ್ದ ಹೊತ್ತು ಅವರಿಗೆ ಆಗುತ್ತದೆಯೇ ಎಂದು ಕೇಳಿ ಅದಕ್ಕೆ ಹೋಗಬಹುದು. ಬೇರೆ ಯಾರೋ ಒಬ್ಬರಿಗಾಗಿ ಬದಲಿಸಬಾರದು. ಒಬ್ಬರಿಗೆ ಅನುಕೂಲ ಮಾಡಹೋದರೆ ಈಗಾಗಲೇ ಹೊಂದಿಸಿಕೊಂಡ ಮೂವರಿಗೆ ತೊಂದರೆಯಾಗುತ್ತದೆ, ಅವರು ಅದನ್ನು ಹೇಳುವುದೂ ಇಲ್ಲ. ಮುಂದಿನ ತಿಂಗಳ ಪೋಲಿಗೆ ಗುರುತು ಹಾಕುವುದನ್ನು ನಿಲ್ಲಿಸುತ್ತಾರೆ ಅಷ್ಟೆ.

ಮಾರ್ಚ್ ಕೂಟ ಮುಗಿದ ಮೇಲೆ ಅವರು ಪ್ರತಿ ತಿಂಗಳ ಪೋಲನ್ನೇ ಕೈಬಿಟ್ಟು, ಎರಡನೇ ಶನಿವಾರ ಭಾರತದ ರಾತ್ರಿ 8:30 ಎಂದು ಖಾಯಂ ಮಾಡಿಕೊಳ್ಳಬಹುದು. ನಿಯಮಿತವಾಗಿ ಸೇರುವ ಗುಂಪಿಗೆ ಇದೇ ವಾಸಿ. ಪೋಲು ಹಬ್ಬ ಅಡ್ಡ ಬಂದ ತಿಂಗಳಿಗೆ ಮಾತ್ರ. ಹೀಗೆ ಭಾರತದ ಗಂಟೆಗೆ ಕಟ್ಟಿದ ಕೂಟ ಏಪ್ರಿಲ್‌ನಲ್ಲಿ ಬ್ರಿಟನ್ನಿನವರಿಗೆ ಮಧ್ಯಾಹ್ನ 4ಕ್ಕೆ ಸರಿಯುತ್ತದೆ, ಅಮೆರಿಕದವರಿಗೆ ಏನೂ ಬದಲಾಗುವುದಿಲ್ಲ. ನವೆಂಬರ್ 1ಕ್ಕೆ ಅಮೆರಿಕದ ಗಡಿಯಾರ ಹಿಂದಕ್ಕೆ ತಿರುಗಿದಾಗ ಕ್ಯಾಲಿಫೋರ್ನಿಯಾದವರಿಗೆ ಕೂಟ ಬೆಳಿಗ್ಗೆ 7ಕ್ಕೆ ಬಂದು ಕೂರುತ್ತದೆ. ಅವರಿಗಾಗಿ ಭಾರತದ ಹೊತ್ತನ್ನು ರಾತ್ರಿ 9:30ಕ್ಕೆ ತಳ್ಳಿದರೆ ಧಾರವಾಡದ ಹಿರಿಯರು ಅಷ್ಟರಲ್ಲಿ ಮಲಗಿರುತ್ತಾರೆ. ಅಕ್ಟೋಬರ್‌ನಲ್ಲಿ ಒಂದು ಪೋಲು ಹಾಕಬೇಕಾಗುತ್ತದೆ, ಎರಡೇ ಆಯ್ಕೆಗಳದ್ದು.